ನೆಗಡಿಯಾದಾಗ ಸಾರು ಏಕೆ ಸಪ್ಪೆ?

ಎಂಟನೇ ತರಗತಿಯಲ್ಲಿ ಜ್ಞಾನೇಂದ್ರಿಯಗಳ ಪಾಠಕ್ಕೆ ಪೀಠಿಕೆಯಾಗಿ “ನೆಗಡಿ ಬಂದಾಗ ಊಟ ಏಕೆ ರುಚಿಸುವುದಿಲ್ಲ?” ಎಂದು ಕೇಳಿದೆ. ಹೆಚ್ಚಿನವರು “ನಾಲಿಗೆ ಕೆಟ್ಟಿರುತ್ತದೆ ಸಾರ್” ಎಂದರು. ಉತ್ತರ ಹೇಳದೆ ನೇರವಾಗಿ ಚಟುವಟಿಕೆಗೆ ಹೋದೆ.

ಸಕ್ಕರೆಗೆ ಸ್ವಲ್ಪ ಏಲಕ್ಕಿ ಪುಡಿ ಬೆರೆಸಿಟ್ಟುಕೊಂಡಿದ್ದೆ. ಮಕ್ಕಳು ಕಣ್ಣು ಮುಚ್ಚಿ, ಮೂಗನ್ನು ಗಟ್ಟಿಯಾಗಿ ಹಿಡಿದು, ಒಂದು ಚಿಟಿಕೆಯನ್ನು ನಾಲಿಗೆಯ ಮೇಲಿಟ್ಟುಕೊಂಡರು. “ಸಿಹಿ” ಎಂಬುದಷ್ಟೇ ಎಲ್ಲರ ಉತ್ತರ. ಮೂಗು ಬಿಟ್ಟು ಉಸಿರನ್ನು ಹೊರಕ್ಕೆ ಬಿಡಿ ಎಂದೆ. ತಕ್ಷಣ “ಏಲಕ್ಕಿ!” ಈ ಚಟುವಟಿಕೆಗೆ ಪುದೀನ ಅಥವಾ ಲವಂಗ ಬೇಡ. ಅವುಗಳ ತಂಪು, ಖಾರ ಮೂಗು ಮುಚ್ಚಿದ್ದರೂ ತಿಳಿಯುತ್ತದೆ, ಮಕ್ಕಳು ಬೇಗ ಊಹಿಸಿಬಿಡುತ್ತಾರೆ.

ನಾಲಿಗೆ ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಎಂಬ ಐದನ್ನು ಮಾತ್ರ. ಅಗಿಯುವಾಗ ಆಹಾರದ ಪರಿಮಳ ಗಂಟಲಿನ ಹಿಂಬದಿಯಿಂದ ಮೇಲೇರಿ, ಮೂಗಿನ ಒಳಗೆ ಸುಮಾರು ಕಣ್ಣಿನ ಮಟ್ಟದಲ್ಲಿರುವ ಘ್ರಾಣ ಪದರವನ್ನು ತಲುಪುತ್ತದೆ. ನಾವು ‘ರುಚಿ’ ಎನ್ನುವುದರ ಬಹುಪಾಲು ಇದೇ. ಸಾರನ್ನೇ ತೆಗೆದುಕೊಳ್ಳಿ. ನೆಗಡಿಯಲ್ಲೂ ಹುಣಸೆಯ ಹುಳಿ, ಉಪ್ಪು ತಿಳಿಯುತ್ತವೆ, ಮೆಣಸಿನ ಖಾರ ಚುರುಗುಟ್ಟುತ್ತದೆ. ಇಂಗು, ಕರಿಬೇವು, ಕೊತ್ತಂಬರಿ ಮಾತ್ರ ಮಾಯ. ಒಗ್ಗರಣೆಯ ಘಮ ಬಂದಾಗಲೇ ಬಾಯಲ್ಲಿ ನೀರೂರಿ ಹೊಟ್ಟೆ ಊಟಕ್ಕೆ ಸಿದ್ಧವಾಗುತ್ತದೆ. ಆ ಸೂಚನೆ ಬಾರದಿದ್ದರೆ ಹಸಿವೂ ಮಂಕಾಗುತ್ತದೆ. ಜ್ವರವಿದ್ದರೆ ರೋಗದೊಡನೆ ಹೋರಾಡುವಾಗ ದೇಹ ಸ್ರವಿಸುವ ರಾಸಾಯನಿಕಗಳೂ ಹಸಿವನ್ನು ತಗ್ಗಿಸುತ್ತವೆ.

ಆಗ ಒಬ್ಬ ಹುಡುಗಿ ಕೇಳಿದಳು: “ನಮ್ಮಜ್ಜಿಗೆ ನೆಗಡಿ ಹೋಗಿ ತಿಂಗಳಾಯ್ತು ಸಾರ್, ಮೂಗೂ ಕಟ್ಟಿಲ್ಲ. ಆದರೂ ಎಲ್ಲಾ ಸಪ್ಪೆ ಅಂತ ಉಪ್ಪು ಹಾಕಿಸಿಕೊಳ್ತಾರೆ. ಬಿ.ಪಿ. ಇದೆ.” ಪಾಠಯೋಜನೆಯಲ್ಲಿ ಇಲ್ಲದ ಈ ಪ್ರಶ್ನೆಗೇ ಉಳಿದ ಅವಧಿಯನ್ನು ಕೊಟ್ಟೆ.

ಮೂಗು ಕಟ್ಟಿದಾಗ ಊತದಿಂದ ಗಾಳಿ ಮೇಲಿನವರೆಗೆ ಹೋಗುವುದಿಲ್ಲ. ಊತ ಇಳಿದರೆ ವಾಸನೆ ಮರಳುತ್ತದೆ. ಮೂಗು ತೆರೆದಿದ್ದೂ ವಾಸನೆ ಇಲ್ಲವೆಂದರೆ ವೈರಸ್‌ನಿಂದ ಘ್ರಾಣ ಪದರಕ್ಕೇ ಹಾನಿಯಾಗಿರಬಹುದು. ಆ ಪದರದ ನರಕೋಶಗಳು ಮತ್ತೆ ಹುಟ್ಟಬಲ್ಲವು, ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನಡುವೆ ಕಾಫಿ ಸುಟ್ಟ ವಾಸನೆ ಬಂದಂತೆ ಅನಿಸುವುದೂ ಉಂಟು. ಎಲ್ಲರಿಗೂ ಪೂರ್ತಿ ಮರಳುವುದಿಲ್ಲ ಎಂಬುದನ್ನೂ ಮಕ್ಕಳಿಂದ ಮುಚ್ಚಿಡಲಿಲ್ಲ.

ಅಜ್ಜಿಯ ನಾಲಿಗೆಯ ಮೇಲೆ ಒಂದೆರಡು ಹರಳು ಉಪ್ಪು ಇಟ್ಟು ನೋಡಲು ಹೇಳಿದೆ. ಉಪ್ಪು ತಿಳಿದರೆ ಕೊರತೆ ಮೂಗಿನದು. ಎಷ್ಟು ಉಪ್ಪು ಸುರಿದರೂ ಇಂಗಿನ ಘಮ ಬರದು. ಬದಲಿಗೆ ನಿಂಬೆಹುಳಿ, ಕಾಳುಮೆಣಸು ಊಟಕ್ಕೆ ಜೀವ ಕೊಡುತ್ತವೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಇವುಗಳನ್ನು ದಿನಕ್ಕೆರಡು ಬಾರಿ, ಒಂದೊಂದನ್ನೂ ಸುಮಾರು 20 ಸೆಕೆಂಡು ಗಮನವಿಟ್ಟು ಮೂಸುವ ಅಭ್ಯಾಸ ಕೆಲವರಿಗೆ ನೆರವಾಗುತ್ತದೆ. ಕನಿಷ್ಠ 12 ವಾರ ಬಿಡದೆ ಮಾಡಬೇಕು. ತಿಂಗಳು ಕಳೆದಿರುವುದರಿಂದ ಕಿವಿ-ಮೂಗು-ಗಂಟಲು ವೈದ್ಯರಿಗೂ ತೋರಿಸಿ ಎಂದೆ. ಅಲ್ಲಿಯವರೆಗೆ ಗ್ಯಾಸ್ ಸೋರಿಕೆಯಾಗಲಿ ಹಳಸಿದ ಅನ್ನವಾಗಲಿ ಅಜ್ಜಿಗೆ ತಿಳಿಯದು. ಅದನ್ನು ಮನೆಯ ಬೇರೆಯವರೇ ನೋಡಿಕೊಳ್ಳಬೇಕು.