ಚೆನ್ನೈನ ಅಂಕ, ಹಳೇಬೀಡಿನ ‘ಇಲ್ಲ’

ಹಳೇಬೀಡಿನ ಶಿಬಿರಕ್ಕೆ ಬಂದ ಆ ದರ್ಜಿ ಹೆಂಗಸಿಗೆ 44 ವರ್ಷ. ವಯಸ್ಸಿಗೆ 20 ಅಂಕ. ಸೊಂಟದ ಸುತ್ತಳತೆ 78 ಸೆಂ.ಮೀ., ಅದಕ್ಕೆ ಸೊನ್ನೆ. ದಿನವಿಡೀ ಮೆಷಿನ್ ಮುಂದೆ ಕೂರುವವರು, ವ್ಯಾಯಾಮವಿಲ್ಲ, 30. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತೇ ಎಂದರೆ “ಇಲ್ಲ” ಅಂದರು, ಸೊನ್ನೆ. ಒಟ್ಟು 50. ನಾವು ರಕ್ತ ತೆಗೆಯುತ್ತಿದ್ದದ್ದು 60 ಮುಟ್ಟಿದವರಿಗೆ ಮಾತ್ರ. ಮನೆಗೆ ಕಳಿಸಿದೆವು.

ಕೆಲವು ತಿಂಗಳ ಮೇಲೆ ಅರಸೀಕೆರೆಯಲ್ಲಿ ನನ್ನ ಬಳಿ ಬಂದಾಗ ಅವರ ಸಕ್ಕರೆ ಏರಿತ್ತು. ತಾಯಿಯ ವಿಷಯ ಮತ್ತೆ ಕೇಳಿದೆ. “ಕಾಲಿನ ಗಾಯ ಮಾಯದೇ ಹೋದ್ರು ಡಾಕ್ಟ್ರೇ. ಅವರ ರಕ್ತ ಯಾರು ನೋಡಿದ್ರು?”

ನಾವು ಬಳಸಿದ್ದು 2005ರಲ್ಲಿ ಮೋಹನ್ ಮತ್ತು ಸಂಗಡಿಗರು ಚೆನ್ನೈ ನಗರದ ಜನರ ಮೇಲೆ ರೂಪಿಸಿದ ಭಾರತೀಯ ಮಧುಮೇಹ ಅಪಾಯ ಅಂಕ. 60ರ ಗೆರೆಯಲ್ಲಿ ಅಲ್ಲೇ ಅದು ಹಿಡಿದದ್ದು ನೂರು ಮಧುಮೇಹಿಗಳಲ್ಲಿ ಸುಮಾರು 72 ಜನರನ್ನು. ಹಾಗಾಗಿ ಒಬ್ಬರು ತಪ್ಪಿದರೆಂದು ಅಂಕವನ್ನು ದೂರುವಂತಿಲ್ಲ. ನನ್ನನ್ನು ಕಾಡಿದ್ದು ಆ ‘ಇಲ್ಲ’. ತಂದೆತಾಯಿಗೆ ಪರೀಕ್ಷೆಯೇ ಆಗದ ಊರಲ್ಲಿ ‘ಇಲ್ಲ’ ಎಂದರೆ ಬಹಳ ಸಲ ‘ಗೊತ್ತಿಲ್ಲ’. ಹಾಗೆ 10 ಅಂಕ ಕಳೆದುಕೊಂಡವರು ಗೆರೆಯ ಕೆಳಗೆ ಸೇರುತ್ತಾರೆ, 50 ಅಂಕದವರಲ್ಲಿ ಚೆನ್ನೈಗಿಂತ ಹೆಚ್ಚು ರೋಗಿಗಳು ಅಡಗಿರುತ್ತಾರೆ.

ಇದನ್ನು ನಮ್ಮ ದಾಖಲೆಯಲ್ಲೇ ನೋಡೋಣವೆಂದರೆ ಆಗಲಿಲ್ಲ. 60ಕ್ಕಿಂತ ಕೆಳಗಿನವರ ರಕ್ತವನ್ನೇ ನೋಡಿರಲಿಲ್ಲವಲ್ಲ! ಅಂಕ ಹೇಳಿದವರನ್ನಷ್ಟೇ ಪರೀಕ್ಷಿಸಿ ಅಂಕ ಸರಿಯಿದೆಯೇ ಎಂದು ಕೇಳುತ್ತಿದ್ದೆವು. ಮುಂದಿನ ಶಿಬಿರದಿಂದ ಕಡಿಮೆ ಅಂಕದವರಲ್ಲೂ ಕೆಲವರನ್ನು ಚೀಟಿ ಎತ್ತಿ ಪರೀಕ್ಷಿಸಿದೆವು. ಆಮೇಲೆ ಅಂಕಗಳ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ನಿರೀಕ್ಷಿಸಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಪಕ್ಕಪಕ್ಕ ಬರೆದೆವು. ಹತ್ತು ನಿರೀಕ್ಷಿಸಿದ ಕಡೆ ಹದಿನಾರು ಸಿಕ್ಕರೆ ಮಾದರಿ ಅಪಾಯವನ್ನು ಕಡಿಮೆ ಅಳೆದಿದೆ ಎಂದರ್ಥ. ಯಾರ ಅಪಾಯ ಯಾರಿಗಿಂತ ಹೆಚ್ಚು ಎಂಬ ಸಾಲು ಸರಿಯಾಗಿಯೇ ಇದ್ದು, ಅಳತೆ ಮಾತ್ರ ಹೀಗೆ ತಪ್ಪಬಹುದು.

ಎಲ್ಲರ ಅಪಾಯವನ್ನೂ ಒಂದೇ ಸಮ ಏರಿಸಿದರೆ ಮುಗಿಯಿತು ಎಂದರು ಒಬ್ಬ ಗೆಳೆಯರು. ಆದರೆ ಕೊರತೆ ‘ಗೊತ್ತಿಲ್ಲ’ ಎನ್ನುವವರದ್ದಾದರೆ, ಪರೀಕ್ಷೆಯಾಗಿ ಖಚಿತವಾಗಿ ‘ಇಲ್ಲ’ ಎನ್ನುವವರನ್ನೂ ಸುಮ್ಮನೆ ಹೆದರಿಸಿದಂತಾಗುತ್ತದೆ.

ಅದಕ್ಕೂ ಮೊದಲು ನಾನೇ ಒಂದು ಮಾದರಿ ಕಟ್ಟಹೊರಟಿದ್ದೆ. ಬೇಲೂರು ಹಳೇಬೀಡಿನ ಬೆರಳೆಣಿಕೆಯ ರೋಗಿಗಳು, ಅವರಿಗಿಂತ ಉದ್ದದ ಪ್ರಶ್ನೆಪಟ್ಟಿ, ಕಾಫಿ ಎಷ್ಟು ಲೋಟ ಎಂಬುದೂ ಸೇರಿ. ಆ ಜನರ ಮೇಲೆ ಅದ್ಭುತವಾಗಿ ಕೂತಿತು. ಅರಸೀಕೆರೆಯವರ ಮೇಲೆ ಹಾಕಿದಾಗ, ಹೆಚ್ಚು ಅಪಾಯ ಎಂದವರಲ್ಲಿ ಹೇಳಿದ್ದಕ್ಕಿಂತ ಕಡಿಮೆ, ಕಡಿಮೆ ಎಂದವರಲ್ಲಿ ಹೆಚ್ಚು ರೋಗ ಕಂಡಿತು. ಅತಿಹೊಂದಿಕೆಯ ಗುರುತೇ ಇದು: ಆ ಕೆಲವರ ಆಕಸ್ಮಿಕಗಳನ್ನೇ ಅದು ನಿಯಮವೆಂದು ಕಲಿತಿತ್ತು.

ಈಗ ನಮ್ಮ ನಮೂನೆಯಲ್ಲಿ ತಂದೆತಾಯಿಯ ಪ್ರಶ್ನೆಗೆ ಮೂರು ಮನೆಗಳಿವೆ: ಹೌದು, ಪರೀಕ್ಷಿಸಿ ಇಲ್ಲ, ಗೊತ್ತಿಲ್ಲ. ಮೂರನೆಯದಕ್ಕೆ ಗುರುತು ಬಿದ್ದರೆ ಅಂಕ ಕೂಡುವ ಮೊದಲೇ ರಕ್ತ ತೆಗೆಯುತ್ತೇವೆ.