ಎಲ್ಲರಿಗೂ ಹತ್ತು ಅಂಕವೋ, ಎಲ್ಲರಿಗೂ ಒಂದೂಕಾಲು ಪಟ್ಟೋ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ಈ ಸಲ ತುಂಬ ಕಷ್ಟವಾಗಿತ್ತು. 80ಕ್ಕೆ ಅತಿ ಹೆಚ್ಚು 64, ಅತಿ ಕಡಿಮೆ 12, ತರಗತಿಯ ಸರಾಸರಿ 40. ಎಲ್ಲರಿಗೂ 10 ಅಂಕ ಸೇರಿಸೋಣ ಎನ್ನುವುದು ನನ್ನ ಮಾತು. ಎಲ್ಲರ ಅಂಕವನ್ನೂ 1.25ರಿಂದ ಗುಣಿಸೋಣ ಎನ್ನುವುದು ನಮ್ಮ ವಿಜ್ಞಾನದ ಮೇಷ್ಟ್ರ ಮಾತು. ಹೇಗೆ ಮಾಡಿದರೂ ಸರಾಸರಿ 50 ಆಗುತ್ತದೆ. ಹಾಗಿದ್ದ ಮೇಲೆ ಯಾವುದನ್ನು ಮಾಡಿದರೇನು ಎಂದು ಮುಖ್ಯ ಶಿಕ್ಷಕರು ಕೇಳುತ್ತಿದ್ದಾರೆ.
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಸರಾಸರಿ ಒಂದೇ ಆದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ, ಮೇಡಂ. ನಿಮ್ಮ ತರಗತಿಯಲ್ಲಿ 40 ಮಕ್ಕಳಿದ್ದಾರೆ ಎಂದುಕೊಳ್ಳಿ. ಎರಡೂ ದಾರಿಯಲ್ಲಿ ನೀವು ಒಟ್ಟು 400 ಅಂಕಗಳನ್ನು ಹೊಸದಾಗಿ ಹಂಚುತ್ತೀರಿ. ಆ 400 ಅಂಕ ಯಾರ ಪಾಲಿಗೆ ಎಷ್ಟು ಹೋಗುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ.

ಹತ್ತು ಸೇರಿಸಿದರೆ 64 ಇದ್ದವನಿಗೆ 74, 12 ಇದ್ದವನಿಗೆ 22. ಇಬ್ಬರಿಗೂ ಸಿಕ್ಕಿದ್ದು ಹತ್ತೇ. ಗುಣಿಸಿದರೆ 64 ಇದ್ದವನಿಗೆ 80, ಅಂದರೆ 16 ಅಂಕದ ಲಾಭ. 12 ಇದ್ದವನಿಗೆ 15, ಅಂದರೆ ಬರೀ 3 ಅಂಕ. ಮೊದಲು ಇಬ್ಬರ ನಡುವೆ 52 ಅಂಕಗಳ ಅಂತರವಿತ್ತು. ಕೂಡಿಸಿದಾಗ ಅದು 52 ಆಗಿಯೇ ಉಳಿಯುತ್ತದೆ, ಗುಣಿಸಿದಾಗ 65ಕ್ಕೆ ಹಿಗ್ಗುತ್ತದೆ. ತೀರ ಕೆಳಗಿರುವ ಮಗುವಿನ ಪಾಲಿನ ಏಳು ಅಂಕ ಮೇಲಿನವರ ಕಡೆಗೆ ಹೋಯಿತು ಎಂದೇ ಇದನ್ನು ಓದಬೇಕು.

ಯಾರಿಗೆ ಯಾವುದು ಲಾಭ ಎನ್ನುವುದಕ್ಕೆ ಒಂದು ಗಡಿ ಇದೆ. ಕೂಡಿಸುವ ಅಂಕವನ್ನು, ಗುಣಕದಲ್ಲಿ ಒಂದಕ್ಕಿಂತ ಹೆಚ್ಚಿರುವ ಭಾಗದಿಂದ ಭಾಗಿಸಿ: 10 ÷ 0.25 = 40. ಸರಿಯಾಗಿ 40 ತೆಗೆದ ಹುಡುಗಿಗೆ ಎರಡೂ ಒಂದೇ. ಅದಕ್ಕಿಂತ ಮೇಲಿದ್ದವರಿಗೆಲ್ಲ ಗುಣಾಕಾರ ಒಳ್ಳೆಯದು, ಕೆಳಗಿದ್ದವರಿಗೆಲ್ಲ ಸಂಕಲನ ಒಳ್ಳೆಯದು. ನೀವಿಬ್ಬರೂ ಸರಾಸರಿಯನ್ನು ಒಂದೇ ಮಟ್ಟಕ್ಕೆ ಏರಿಸಲು ಹೊರಟಿದ್ದರಿಂದ ಗಡಿಯೂ ಸರಾಸರಿಯ ಮೇಲೆಯೇ ಬಂದು ಕೂತಿದೆ.

ಈಗ ಪಾಸಿನ ಗೆರೆಯನ್ನು ನೋಡಿ. ಅದು ಶೇ 35 ಎಂದಿಟ್ಟುಕೊಂಡರೆ 80ಕ್ಕೆ 28. ಹತ್ತು ಸೇರಿಸಿದರೆ 18 ತೆಗೆದ ಮಗುವೂ ಪಾಸು. ಗುಣಿಸಿದರೆ ಕನಿಷ್ಠ 23 ಬೇಕು, ಏಕೆಂದರೆ 22ರ ಒಂದೂಕಾಲು ಪಟ್ಟು 27.5. ಈ ಅರ್ಧವನ್ನು 28 ಎಂದು ಎಣಿಸುತ್ತೀರೋ ಇಲ್ಲವೋ ಎಂಬುದನ್ನು ಅಂಕಪಟ್ಟಿ ತೆರೆಯುವ ಮೊದಲೇ ಬರೆದಿಟ್ಟುಕೊಳ್ಳಿ. ಹುಡುಗನ ಹೆಸರು ನೋಡಿದ ಮೇಲೆ ತೀರ್ಮಾನಿಸಿದರೆ ಅದು ನ್ಯಾಯವಾಗುವುದಿಲ್ಲ. 18, 19, 20, 21 ತೆಗೆದವರ ಪಾಲಿಗಂತೂ ನಿಮ್ಮ ಸ್ಟಾಫ್ ರೂಮಿನ ಚರ್ಚೆಯೇ ಪಾಸು–ಫೇಲು. ಅವರು ಎಷ್ಟು ಮಂದಿ ಎಂದು ಮೊದಲು ಎಣಿಸಿ.

ಹಾಗಾದರೆ ಯಾವುದು ಸರಿ? ಅಂಕ ಎಲ್ಲಿ ಸೋರಿತು ಎಂದು ತಿಳಿಯದೆ ನಾನು ಹೇಳಲಾರೆ, ನೀವೂ ತೀರ್ಮಾನಿಸಬೇಡಿ. ಮೇಲಿನ ಹತ್ತು, ಕೆಳಗಿನ ಹತ್ತು ಉತ್ತರ ಪತ್ರಿಕೆಗಳನ್ನು ತೆಗೆದುಕೊಂಡು, ಪ್ರಶ್ನೆವಾರು ಯಾರಿಗೆ ಎಷ್ಟು ಬಂದಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಸಂಜೆಯ ಕೆಲಸ. ಆರಂಭದ ಒಂದು, ಎರಡು ಅಂಕದ ಪ್ರಶ್ನೆಗಳೇ ಗೊಂದಲವಾಗಿದ್ದು ಎರಡೂ ಗುಂಪು ಅಲ್ಲಿ ಹೆಚ್ಚುಕಡಿಮೆ ಒಂದೇ ಸಮ ಕಳೆದುಕೊಂಡಿದ್ದರೆ ಎಲ್ಲರಿಗೂ ಸಮನಾಗಿ ಕೂಡಿಸುವುದೇ ಸರಿ. ಆ ಅಂಕ ಎಲ್ಲರ ಜೇಬಿನಿಂದಲೂ ಒಂದೇ ಅಳತೆಯಲ್ಲಿ ಹೋಗಿದೆ. ಪತ್ರಿಕೆ ಉದ್ದವಾಗಿ ಸಮಯ ಸಾಲದೆ ಹೋಗಿದ್ದರೆ ಕಥೆ ಬೇರೆ. ಮೂರು ಗಂಟೆಯ ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷ ಹಾಳಾಯಿತು ಎನ್ನಿ. ಆ ಇಪ್ಪತ್ತು ನಿಮಿಷದಲ್ಲಿ ಜಾಣ ಹುಡುಗಿ ಎಂಟು ಅಂಕದಷ್ಟು ಬರೆಯುತ್ತಿದ್ದಳು, ತೊಳಲಾಡುತ್ತಿದ್ದ ಹುಡುಗ ಒಂದೋ ಎರಡೋ. ಆಗ ನಷ್ಟವೇ ಅವರವರ ವೇಗಕ್ಕೆ ತಕ್ಕಂತೆ ಆಗಿರುವುದರಿಂದ 180 ÷ 160, ಅಂದರೆ 1.125ರಿಂದ ಗುಣಿಸುವುದರಲ್ಲಿ ಅರ್ಥವಿದೆ.

ಇಲ್ಲಿ ಇನ್ನೊಂದು ಮಾತು. ಎಷ್ಟೋ ವರ್ಷಗಳ ಹಿಂದೆ ನಾನೇ ಒಮ್ಮೆ ಹೀಗೆ ಗುಣಿಸಿದ್ದೆ. ಒಬ್ಬ ಹುಡುಗನ ಪತ್ರಿಕೆಯಲ್ಲಿ ಸೊನ್ನೆ ಇತ್ತು, ಗುಣಿಸಿದ ಮೇಲೂ ಸೊನ್ನೆಯೇ. “ಎಲ್ಲರಿಗೂ ಮಾರ್ಕ್ಸ್ ಹೆಚ್ಚಿಸಿದ್ದೀನಿ ಅಂದ್ರಲ್ಲ ಸರ್” ಎಂದು ಅವನು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಗುಣಾಕಾರ ಎಲ್ಲರಿಗೂ ಕೊಡುವುದಿಲ್ಲ, ಇದ್ದವರಿಗೆ ಇದ್ದಷ್ಟಕ್ಕೆ ತಕ್ಕಂತೆ ಕೊಡುತ್ತದೆ. ಮಕ್ಕಳಿಗೆ ಹೇಳುವಾಗ ಆ ಮಾತನ್ನು ಹಾಗೆಯೇ ಹೇಳಬೇಕು.

ಪ್ರಶ್ನೆ: ನನ್ನ ಮಗ ಗಣಿತದಲ್ಲಿ 80ಕ್ಕೆ 48, ವಿಜ್ಞಾನದಲ್ಲಿ 64 ತೆಗೆದಿದ್ದ. ಅವನ ಗೆಳತಿ ಗಣಿತದಲ್ಲಿ 60, ವಿಜ್ಞಾನದಲ್ಲಿ 50. ಒಟ್ಟಿನಲ್ಲಿ ನನ್ನ ಮಗನೇ ಮುಂದಿದ್ದ. ಗಣಿತದ ಪತ್ರಿಕೆ ಕಷ್ಟವಿತ್ತೆಂದು ಎಲ್ಲರ ಗಣಿತದ ಅಂಕವನ್ನು 1.25ರಿಂದ ಗುಣಿಸಿದ ಮೇಲೆ ಅವಳು ಮುಂದಾದಳು. ಎಲ್ಲರಿಗೂ ಒಂದೇ ನಿಯಮ ಹಚ್ಚಿದರೆ ಸ್ಥಾನ ಬದಲಾಗಬಾರದಲ್ಲವೇ?
– ತಾಯಿ, ತುಮಕೂರು

ಉತ್ತರ: ಲೆಕ್ಕದಲ್ಲಿ ತಪ್ಪಾಗಿಲ್ಲ, ಅಮ್ಮಾ. ಗಣಿತವೊಂದನ್ನೇ ತೆಗೆದುಕೊಂಡರೆ ಕೂಡಿಸಿದರೂ ಗುಣಿಸಿದರೂ ಯಾರ ಸ್ಥಾನವೂ ಅಲುಗಾಡುವುದಿಲ್ಲ. ಮುಂದಿದ್ದವರು ಮುಂದೆ, ಹಿಂದಿದ್ದವರು ಹಿಂದೆ. ಆ ಅಂಕವನ್ನು ಇನ್ನೊಂದು ವಿಷಯದ ಜೊತೆ ಸೇರಿಸಿದಾಗ ಮಾತು ಬದಲಾಗುತ್ತದೆ.

ಮೊದಲು ನಿಮ್ಮ ಮಗನ ಒಟ್ಟು 112, ಗೆಳತಿಯದು 110. ಗಣಿತಕ್ಕೆ ಹತ್ತು ಸೇರಿಸಿದ್ದರೆ 122 ಮತ್ತು 120 ಆಗುತ್ತಿತ್ತು, ಎರಡು ಅಂಕದ ಅಂತರ ಹಾಗೆಯೇ ಇರುತ್ತಿತ್ತು. ಗುಣಿಸಿದಾಗ ಮಗನ 48 ಅಂಕ 60 ಆಗಿ ಒಟ್ಟು 124, ಗೆಳತಿಯ 60 ಅಂಕ 75 ಆಗಿ ಒಟ್ಟು 125. ಗಣಿತದಲ್ಲಿ ಅವಳಿಗಿದ್ದ 12 ಅಂಕದ ಮುನ್ನಡೆ 15 ಆಯಿತು. ವಿಜ್ಞಾನದಲ್ಲಿ ನಿಮ್ಮ ಮಗನಿಗಿದ್ದ 14 ಅಂಕದ ಮುನ್ನಡೆ ಇದ್ದಲ್ಲೇ ಉಳಿಯಿತು.

ಒಂದು ವಿಷಯದ ಅಂಕವನ್ನು ಮಾತ್ರ ಹಿಗ್ಗಿಸಿದರೆ, ಒಟ್ಟು ಮೊತ್ತದಲ್ಲಿ ಆ ವಿಷಯದ ತೂಕವೇ ಹೆಚ್ಚುತ್ತದೆ. ಶಾಲೆಯವರು ಇದನ್ನು ಬೇಕೆಂದು ಮಾಡಿರಲಿಕ್ಕಿಲ್ಲ. ಆದರೆ ಒಟ್ಟು ಅಂಕದ ಮೇಲೆ ಸ್ಥಾನ ಹೇಳುವಲ್ಲಿ ಒಂದು ವಿಷಯವನ್ನಷ್ಟೇ ಗುಣಿಸುವುದು ಸರಿಯಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಎಲ್ಲ ವಿಷಯವನ್ನೂ ಒಂದೇ ಗುಣಕದಿಂದ ಗುಣಿಸಿದ್ದರೆ ಸ್ಥಾನ ಬದಲಾಗುತ್ತಿರಲಿಲ್ಲ. ಮುಖ್ಯ ಶಿಕ್ಷಕರಿಗೆ ಈ ನಾಲ್ಕು ಸಂಖ್ಯೆಗಳನ್ನು ಬರೆದು ತೋರಿಸಿ. ಆ ಹುಡುಗಿಯ ಮೇಲೆ ಮಾತ್ರ ಯಾರೂ ಬೇಸರಪಡಬಾರದು, ಅವಳು ತನ್ನ 60 ಅಂಕವನ್ನು ತಾನೇ ಗಳಿಸಿದ್ದಾಳೆ.

ಪ್ರಶ್ನೆ: 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಕೈಬಿಡುವ ಬದಲು ಎಲ್ಲರಿಗೂ ಆ ಅಂಕಗಳನ್ನು ಕೊಟ್ಟಿದ್ದರೆ ಏನಾಗುತ್ತಿತ್ತು?
– ಪಿಯು ವಿದ್ಯಾರ್ಥಿಯ ತಂದೆ, ಮೈಸೂರು

ಉತ್ತರ: ಮೇಲಿನ ಎರಡು ದಾರಿಗಳೇ ಇಲ್ಲಿ ಬೇರೆ ವೇಷದಲ್ಲಿ ಬಂದಿವೆ. ಎಲ್ಲರಿಗೂ ಅಂಕ ಕೊಡುವುದೆಂದರೆ ಕೂಡಿಸುವುದು. ಪ್ರಶ್ನೆ ಕೈಬಿಟ್ಟು ಉಳಿದವುಗಳ ಮೇಲೆ ಶೇಕಡಾವಾರು ಲೆಕ್ಕ ಹಾಕುವುದೆಂದರೆ ಗುಣಿಸುವುದು.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ. ಲೆಕ್ಕಕ್ಕೆ ಬೇಕಾಗಿ 15 ಪ್ರಶ್ನೆ ಹೊರಗಿನವು ಎಂದಿಟ್ಟುಕೊಳ್ಳೋಣ. ಉಳಿದ 45ರಲ್ಲಿ ಒಬ್ಬಳಿಗೆ 42 ಸರಿ, ಇನ್ನೊಬ್ಬನಿಗೆ 18 ಸರಿ. ಎಲ್ಲರಿಗೂ 15 ಅಂಕ ಕೊಟ್ಟರೆ ಅವಳಿಗೆ 57, ಅಂದರೆ ಶೇ 95. ಅವನಿಗೆ 33, ಅಂದರೆ ಶೇ 55. ಕೈಬಿಟ್ಟರೆ ಅವಳಿಗೆ ಶೇ 93.3, ಅವನಿಗೆ ಶೇ 40. ಅವಳಿಗೆ ಎರಡು ಶೇಕಡಾವೂ ವ್ಯತ್ಯಾಸವಿಲ್ಲ. ಅವನಿಗೆ ಹದಿನೈದು ಶೇಕಡಾ! ಮೇಲಿದ್ದವರು ಈ ವಾದದಲ್ಲಿ ಸುಮ್ಮನಿರುವುದಕ್ಕೂ ಕೆಳಗಿನವರು ಕೊರಗುವುದಕ್ಕೂ ಕಾರಣ ಇದೇ.

ಆದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅರ್ಧ, ಪಿಯು ಅಂಕದ ಅರ್ಧ ಸೇರುತ್ತದೆ. ಎಲ್ಲರಿಗೂ ಹದಿನೈದು ಕೊಟ್ಟಿದ್ದರೆ ಆ ವಿಷಯದಲ್ಲಿ ಅವರಿಬ್ಬರ ಅಂತರ ಶೇ 53ರಿಂದ ಶೇ 40ಕ್ಕೆ ಕುಗ್ಗಿ, ಅಷ್ಟರ ಮಟ್ಟಿಗೆ ಪಿಯು ಅಂಕದ ಮಾತೇ ಮೇಲಾಗುತ್ತಿತ್ತು. ರ‍್ಯಾಂಕು ನಿರ್ಧರಿಸುವ ಪರೀಕ್ಷೆಯಲ್ಲಿ ಕೈಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಓದಿ ಬರೆದ ಪ್ರಶ್ನೆಗಳ ಮೇಲಿನ ಅಂತರ ಅಲ್ಲಿ ಹಾಗೆಯೇ ಉಳಿಯುತ್ತದೆ. ಅದರಲ್ಲೂ ಒಂದು ನೋವಿದೆ: ಹೊರಗಿನ ಪ್ರಶ್ನೆಗಳೊಡನೆ ಗುದ್ದಾಡಿ ಸಮಯ ಕಳೆದುಕೊಂಡವರಿಗೆ ಆ ನಿಮಿಷಗಳನ್ನು ಎರಡು ದಾರಿಗಳಲ್ಲಿ ಯಾವುದೂ ಹಿಂದಿರುಗಿಸುವುದಿಲ್ಲ.

ಪ್ರಶ್ನೆ: ಅನುಪಾತದಲ್ಲಿ ಹೆಚ್ಚಿಸಿಯೂ ಕೆಳಗಿನ ಮಕ್ಕಳಿಗೇ ಹೆಚ್ಚು ಸಿಗುವಂತೆ ಮಾಡಲು ಬರುವುದಿಲ್ಲವೇ?
– ಬಿ.ಇಡಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬರುತ್ತದೆ. ಗಳಿಸಿದ ಅಂಕವನ್ನು ಗುಣಿಸುವ ಬದಲು ಕಳೆದುಕೊಂಡ ಅಂಕವನ್ನು ಕಡಿಮೆ ಮಾಡಿ. ಹಾವೇರಿಯ ಶಿಕ್ಷಕಿಯ ಸಂಖ್ಯೆಗಳನ್ನೇ ತೆಗೆದುಕೊಳ್ಳೋಣ. 12 ತೆಗೆದವನು 68 ಕಳೆದುಕೊಂಡಿದ್ದಾನೆ. ಅದರ ಮುಕ್ಕಾಲು 51. ಅಷ್ಟನ್ನೇ ಕಳೆದರೆ ಅವನಿಗೆ 29. ಅದೇ ರೀತಿ 64 ಇದ್ದವನಿಗೆ 68, ಸರಾಸರಿ ಮತ್ತೆ 50. ಕೆಳಗಿನವನಿಗೆ 17 ಅಂಕ, ಮೇಲಿನವನಿಗೆ 4. ಇಬ್ಬರ ಅಂತರ 52ರಿಂದ 39ಕ್ಕೆ ಇಳಿಯಿತು. ಯಾರ ಅಂಕವೂ 80 ದಾಟುವುದಿಲ್ಲ ಎಂಬುದು ಇದರ ಇನ್ನೊಂದು ಅನುಕೂಲ. ಹತ್ತು ಸೇರಿಸುವಾಗ 72 ತೆಗೆದವರೊಬ್ಬರಿದ್ದರೆ ಅವರ ಎರಡು ಅಂಕ 80ರ ಗೋಡೆಗೆ ಬಡಿದು ಬಿದ್ದುಹೋಗುತ್ತದೆ.

ಇದರ ದೋಷವನ್ನೂ ನೋಡಿಕೊಳ್ಳಿ. ಖಾಲಿ ಹಾಳೆ ಕೊಟ್ಟವನಿಗೂ ಇದು 20 ಅಂಕ ಕೊಡುತ್ತದೆ, 11 ತೆಗೆದವನನ್ನು 28ಕ್ಕೆ ತಂದು ಪಾಸು ಮಾಡುತ್ತದೆ. ಪರೀಕ್ಷೆಗೆ ಬಾರದವರನ್ನು ಲೆಕ್ಕದಿಂದ ಹೊರಗಿಡದಿದ್ದರೆ ಅವರಿಗೂ ಇಪ್ಪತ್ತು ಬಂದುಬಿಡುತ್ತದೆ. ಬಳಸುವುದೇ ಆದರೆ ಹೊಸ ಅಂಕದ ಪಕ್ಕದಲ್ಲಿ ಮೂಲ ಅಂಕವನ್ನೂ ಬರೆಯಿರಿ. ಆ 29ರ ಹಿಂದೆ 12 ಇದೆ ಎಂದು ಗೊತ್ತಿದ್ದರೆ ತಾನೇ ವಾರ್ಷಿಕ ಪರೀಕ್ಷೆಗೆ ಮೊದಲು ಯಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡಬೇಕು ಎಂದು ನಿಮಗೆ ತಿಳಿಯುವುದು.