ನಿನ್ನೆಯ ಜಾಹೀರಾತಿಗೆ ಇವತ್ತೇ ತೀರ್ಪು ಬೇಡ

ಬೆಟಗೇರಿಯ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುವವರು ಗೂಗಲ್ ಆ್ಯಡ್ಸ್‌ನಲ್ಲಿ ಜಾಹೀರಾತು ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಹೋದ ತಿಂಗಳ ಲೆಕ್ಕ ಚೆನ್ನಾಗಿರುತ್ತದೆ, ಕಳೆದ ಮೂರು-ನಾಲ್ಕು ದಿನಗಳದ್ದು ಮಾತ್ರ ಸೊರಗಿರುತ್ತದೆ. ಗಾಬರಿಯಾಗಿ ಜಾಹೀರಾತು ನಿಲ್ಲಿಸುವವರೂ ಇದ್ದಾರೆ. ನಿಲ್ಲಿಸುವ ಮುಂಚೆ ಈ ಐದು ಹೆಜ್ಜೆಗಳನ್ನು ನೋಡಿ.

1. ಆರ್ಡರ್ ಯಾವ ತಾರೀಕಿಗೆ ಜಮಾ ಆಗುತ್ತದೆ?

ಲಕ್ಷ್ಮೇಶ್ವರದ ಗ್ರಾಹಕರೊಬ್ಬರು 10ನೇ ತಾರೀಕು ಜಾಹೀರಾತು ಒತ್ತಿ ಸೀರೆ ನೋಡುತ್ತಾರೆ ಎನ್ನೋಣ. ಮನೆಯವರಿಗೆ ತೋರಿಸಿ, ಪಗಾರ ಬಂದಮೇಲೆ 17ಕ್ಕೆ ಆರ್ಡರ್ ಮಾಡುತ್ತಾರೆ. ಗೂಗಲ್ ಆ್ಯಡ್ಸ್‌ನ `Conversions` ಕಾಲಂ ಈ ಆರ್ಡರನ್ನು 17ಕ್ಕಲ್ಲ, ಕ್ಲಿಕ್ ಆದ 10ನೇ ತಾರೀಕಿಗೆ ಬರೆಯುತ್ತದೆ. 13ರಂದು ವರದಿ ತೆರೆದವರಿಗೆ 10ರ ಖರ್ಚು ಪೂರ್ತಿ ಕಾಣುತ್ತದೆ, ಈ ಆರ್ಡರ್ ಕಾಣುವುದಿಲ್ಲ. ಇತ್ತೀಚಿನ ದಿನಗಳು ಯಾವಾಗಲೂ ಬಡವಾಗಿ ಕಾಣುವುದಕ್ಕೆ ಕಾರಣ ಇಷ್ಟೇ.

2. ನಿಮ್ಮ ಗಡುವು ಎಷ್ಟು?

ಕ್ಲಿಕ್ ಆದ ಎಷ್ಟು ದಿನಗಳೊಳಗಿನ ಆರ್ಡರನ್ನು ಜಾಹೀರಾತಿನ ಖಾತೆಗೆ ಹಾಕಬೇಕು ಎಂಬುದನ್ನು `Click-through conversion window` ನಿರ್ಧರಿಸುತ್ತದೆ. `Goals` ಭಾಗದಲ್ಲಿ ನಿಮ್ಮ ಖರೀದಿಯ ಸೆಟ್ಟಿಂಗ್ ತೆರೆದರೆ ಇದು ಸಿಗುತ್ತದೆ. ನೀವು ಬದಲಿಸದಿದ್ದರೆ 30 ದಿನ ಇರುತ್ತದೆ. ಹುಡುಕಾಟದ ಜಾಹೀರಾತಿಗೆ 1ರಿಂದ 90 ದಿನಗಳವರೆಗೆ ಇಡಬಹುದು. ಗಡುವು ದಾಟಿ ಬಂದ ಆರ್ಡರ್ ವರದಿಗೆ ಸೇರುವುದೇ ಇಲ್ಲ. ಗಡುವನ್ನು 7 ದಿನಕ್ಕೆ ಇಳಿಸಿದರೆ ವರದಿ ಬೇಗ ಸ್ಥಿರವಾಗುತ್ತದೆ, ಆದರೆ ತಡವಾಗಿ ಕೊಳ್ಳುವವರು ಲೆಕ್ಕದಿಂದ ಹೊರಗುಳಿಯುತ್ತಾರೆ. ಮದುವೆ ಸೀರೆಯಂಥ ನಿಧಾನದ ಖರೀದಿಗೆ ಅದು ಸಲ್ಲದು. ಬದಲಾವಣೆ ಮುಂದಿನ ಲೆಕ್ಕಕ್ಕೆ ಮಾತ್ರ ಅನ್ವಯಿಸುತ್ತದೆ, ಹಳೆಯದು ತಿದ್ದುಪಡಿಯಾಗುವುದಿಲ್ಲ.

3. ನಿಮ್ಮ ಗ್ರಾಹಕರ ತಡವನ್ನು ಅಳೆಯಿರಿ

ಗಡುವು ಪೂರ್ತಿ ಮುಗಿದ ಒಂದು ತಿಂಗಳನ್ನು ಆರಿಸಿಕೊಳ್ಳಿ. 30 ದಿನಗಳ ಗಡುವಿದ್ದರೆ ಹೋದ ತಿಂಗಳಲ್ಲ, ಅದರ ಹಿಂದಿನದು. `Segment` ಒತ್ತಿ, `Conversions` ಒಳಗೆ `Days to conversion` ಆರಿಸಿ. ಉದಾಹರಣೆಗೆ, 100 ಆರ್ಡರ್‌ಗಳಲ್ಲಿ 60 ಮೂರು ದಿನಗಳೊಳಗೆ, 80 ಏಳು ದಿನಗಳೊಳಗೆ, ಉಳಿದ 20 ಆಮೇಲೆ ಬಂದಿವೆ ಎಂದುಕೊಳ್ಳಿ. ಈ ಪ್ರಮಾಣವೇ ನಿಮ್ಮ ಅಳತೆಗೋಲು.

4. ಕಂಡದ್ದನ್ನು ಸರಿಹೊಂದಿಸಿ

ದಿನಕ್ಕೆ 2,000 ರೂಪಾಯಿ ಖರ್ಚು ಎನ್ನಿ. ಮೂರು ದಿನ ಹಳೆಯ ತಾರೀಕಿನಲ್ಲಿ 12 ಆರ್ಡರ್ ಕಂಡರೆ, ಒಂದೊಂದಕ್ಕೆ 167 ರೂಪಾಯಿ ಬಿದ್ದಂತೆ ತೋರುತ್ತದೆ. ಆದರೆ ಆ ಹೊತ್ತಿಗೆ ಬರುವುದು ಶೇ 60 ಮಾತ್ರ. 12ನ್ನು 0.60ರಿಂದ ಭಾಗಿಸಿದರೆ 20 ಆರ್ಡರ್, ಅಂದರೆ ನಿಜವಾದ ವೆಚ್ಚ 100 ರೂಪಾಯಿಯ ಸುಮಾರು. ಏಳು ದಿನ ಹಳೆಯ ತಾರೀಕಿನಲ್ಲಿ 16 ಕಂಡಿದ್ದರೂ 0.80ರಿಂದ ಭಾಗಿಸಿದಾಗ ಅದೇ 20. ಜಾಹೀರಾತು ಕೆಟ್ಟಿಲ್ಲ, ಲೆಕ್ಕ ಇನ್ನೂ ತುಂಬಿಲ್ಲ.

ಈ ಅಂದಾಜಿಗೂ ಮಿತಿ ಇದೆ. ನಿನ್ನೆಯ ಎರಡು-ಮೂರು ಆರ್ಡರ್ ಹಿಡಿದು ಭಾಗಿಸಿದರೆ ಉತ್ತರ ಎತ್ತೆತ್ತಲೋ ಹೋಗುತ್ತದೆ. ದೀಪಾವಳಿಯ ಮುಂಚೆ ಜನ ಬೇಗ ಕೊಳ್ಳುವುದರಿಂದ, ಬೇರೆ ತಿಂಗಳಿನ ಪ್ರಮಾಣ ಆಗ ಹೊಂದುವುದಿಲ್ಲ.

5. ನಿಜವಾದ ಕುಸಿತವನ್ನು ಗುರುತಿಸಿ

ಪ್ರತಿ ಸೋಮವಾರ, ಹಿಂದಿನ ದಿನ ಭಾನುವಾರಕ್ಕೆ ಮುಗಿದ ವಾರದ ಆರ್ಡರ್‌ಗಳನ್ನು ಒಂದು ವಹಿಯಲ್ಲಿ ಬರೆದಿಡಿ. ಈ ವಾರವನ್ನು ಹೋದ ವಾರದ ಇವತ್ತಿನ ಅಂಕಿಯೊಂದಿಗೆ ಹೋಲಿಸಬೇಡಿ. ಹೋದ ಸೋಮವಾರ ಬರೆದಿಟ್ಟ ಅಂಕಿಯೊಂದಿಗೆ ಹೋಲಿಸಿ. ಆಗ ಎರಡಕ್ಕೂ ಒಂದೇ ವಯಸ್ಸು. ಖರ್ಚು ಅಷ್ಟೇ ಇದ್ದು, ಹೀಗೆ ಹೋಲಿಸಿದಾಗಲೂ ಎರಡು-ಮೂರು ವಾರ ಕಡಿಮೆಯಾದರೆ ಅದು ನಿಜವಾದ ಕುಸಿತ.

ಜೊತೆಗೆ `Conversions (by conv. time)` ಕಾಲಂ ಸೇರಿಸಿಕೊಳ್ಳಿ. ಇದು ಆರ್ಡರ್ ಬಂದ ದಿನಕ್ಕೇ ಬರೆಯುತ್ತದೆ. ಅಂಗಡಿಯ ವೆಬ್‌ಸೈಟಿಗೆ ಆರ್ಡರ್ ಬರುತ್ತಲೇ ಇದ್ದು ಈ ಕಾಲಂ ಹಠಾತ್ತನೆ ಸೊನ್ನೆಯಾದರೆ, ಅದು ತಡವಲ್ಲ. ವೆಬ್‌ಸೈಟಿನಲ್ಲಿ ಆರ್ಡರ್ ಎಣಿಸುವ ಟ್ಯಾಗ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅದನ್ನು ಅವತ್ತೇ ಸರಿಪಡಿಸಿ.

ಶಿರಹಟ್ಟಿ, ಮುಂಡರಗಿ ಕಡೆಯವರು ಜಾಹೀರಾತು ನೋಡಿ ಫೋನಿನಲ್ಲೇ ಆರ್ಡರ್ ಹೇಳಿದರೆ ಅದು ವರದಿಗೆ ತಾನಾಗಿ ಸೇರುವುದಿಲ್ಲ. ಅಂಥವನ್ನು ಪ್ರತ್ಯೇಕವಾಗಿ ಬರೆದಿಟ್ಟು, ಬಜೆಟ್ ತೀರ್ಮಾನಿಸುವಾಗ ಕೂಡಿಸಿಕೊಳ್ಳಿ. ಮೆಟಾದಲ್ಲೂ ಜಾಹೀರಾತು ಹಾಕುವವರು ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ಅಳೆಯಬಾರದು: ಅಲ್ಲಿ ಸಾಮಾನ್ಯ ಗಡುವು ಕ್ಲಿಕ್ಕಿಗೆ 7 ದಿನ, ಬರೀ ನೋಡಿದ್ದಕ್ಕೆ 1 ದಿನ.